ನೀನು, ನೀವು, ತಾವು: ಯಾರ ಹತ್ತಿರ ಹೇಗೆ ಮಾತಾಡಬೇಕು?

ಅಮೆರಿಕದಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗ ರಜೆಗೆ ಅಂತ ಧಾರವಾಡದ ನಮ್ಮ ಮನೆಗೆ ಬಂದಿದ್ದ. ಇಪ್ಪತ್ತೆರಡು ವರ್ಷದ ಹುಡುಗ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ. ಒಂದು ಸಂಜೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಹುಡುಗ ತಕ್ಷಣ ಎದ್ದು ನಿಂತ, ತನ್ನ ಕುರ್ಚಿ ಬಿಟ್ಟುಕೊಟ್ಟ, ಕೈ ಮುಗಿದ. ಆಮೇಲೆ ಬಾಯಿ ತೆರೆದು ಹೇಳಿದ: "ಬಾ, ಕೂತ್ಕೋ. ನಿನಗೆ ಕಾಫಿ ಬೇಕಾ?"

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಹುಡುಗನಿಗೆ ವಿಷಯ ಗೊತ್ತಾದಾಗ ರಾತ್ರಿಯೆಲ್ಲ ಒದ್ದಾಡಿದ. ಅವನ ಮೈಯಲ್ಲಿ ಗೌರವವಿತ್ತು, ಮಾತಿನಲ್ಲಿ ಇರಲಿಲ್ಲ. ಯಾಕೆ ಹೀಗಾಯಿತು ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು. ಅವನು ಕೇಳಿಸಿಕೊಂಡ ಕನ್ನಡವೆಲ್ಲ ಅಪ್ಪ ಅಮ್ಮ ಅವನಿಗೆ ಹೇಳಿದ ಕನ್ನಡ. ಬಾ, ತಗೋ, ಮಲಕ್ಕೋ, ಏನು ಬೇಕು ನಿನಗೆ. ಮಕ್ಕಳಿಗೆ ಹೇಳುವ ಮಾತು ಏಕವಚನದಲ್ಲೇ ಇರುತ್ತದಲ್ವಾ? ತನಗೆ ಬಂದ ಮಾತನ್ನೇ ಅವನು ಮೇಷ್ಟ್ರಿಗೂ ಕೊಟ್ಟ. ಊರಲ್ಲಿ ಬೆಳೆದ ಮಗು ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ದೊಡ್ಡವರು ದೊಡ್ಡವರ ಹತ್ತಿರ ಮಾತಾಡುವುದನ್ನು ಕೇಳುತ್ತದೆ. ಇವನಿಗೆ ಆ ಅವಕಾಶ ಸಿಕ್ಕಿರಲಿಲ್ಲ. ಬೆಂಗಳೂರಿನಲ್ಲಿದ್ದೂ ಮನೆಯೊಳಗೆ ಮಾತ್ರ ಕನ್ನಡ ಕೇಳುವ ಮಕ್ಕಳಿಗೂ ಹೀಗೇ ಆಗುವುದನ್ನು ನೋಡಿದ್ದೇನೆ.

ಮುಂದಿನ ಮೂರು ವಾರ ಅವನಿಗೆ ಹೇಳಿಕೊಟ್ಟದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ನಾನು ಹಾಸನದ ಕಡೆ ಹುಟ್ಟಿ ಬೆಳೆದವಳು, ಮದುವೆಯಾಗಿ ಧಾರವಾಡಕ್ಕೆ ಬಂದವಳು. ಹಾಗಾಗಿ ಎರಡೂ ಕಡೆಯ ಮಾತು ಇಲ್ಲಿ ಬರುತ್ತದೆ.

ಮೊದಲ ಹೆಜ್ಜೆ: ಕ್ರಿಯಾಪದದ ಬಾಲ ಹಿಡಿಯಿರಿ

ಎಲ್ಲರೂ ಮೊದಲು ಕಲಿಸುವುದು "ದೊಡ್ಡವರಿಗೆ ನೀವು ಅನ್ನು" ಅಂತ. ಅದು ಸಾಲದು. ಕನ್ನಡದಲ್ಲಿ ನಾವು ನೀನು, ನೀವು ಅನ್ನುವ ಪದಗಳನ್ನು ಅರ್ಧಕ್ಕರ್ಧ ಬಿಟ್ಟೇ ಮಾತಾಡುತ್ತೇವೆ. "ಯಾವಾಗ ಬಂದ್ರಿ?" ಅಂದರೆ ಸಾಕು, "ನೀವು" ಬೇಕಿಲ್ಲ. ಗೌರವ ಇರುವುದು ಆ "-ರಿ"ಯಲ್ಲಿ. ನಮ್ಮ ಹುಡುಗ "ನೀವು" ಕಲಿತ ಮೇಲೂ ಎರಡು ದಿನ "ನೀವು ಬರ್ತೀಯಾ?" ಅನ್ನುತ್ತಿದ್ದ. ತಲೆ ಬಹುವಚನ, ಬಾಲ ಏಕವಚನ. ಕೇಳುವವರ ಕಿವಿಗೆ ತಟ್ಟುವುದು ಬಾಲವೇ.

ಹಾಗಾಗಿ ದಿನಕ್ಕೆ ಬೇಕಾಗುವ ಏಳೆಂಟು ಕ್ರಿಯಾಪದಗಳನ್ನು ಜೋಡಿಯಾಗಿ ಬಾಯಿಗೆ ಕೂರಿಸಬೇಕು. ಬಾ – ಬನ್ನಿ. ಕೂತ್ಕೋ – ಕೂತ್ಕೊಳ್ಳಿ. ತಗೋ – ತಗೊಳ್ಳಿ. ಹೇಳು – ಹೇಳಿ. ಕೊಡು – ಕೊಡಿ. ಇರು – ಇರಿ. ಬರ್ತೀಯಾ – ಬರ್ತೀರಾ. ಬಂದೆಯಾ – ಬಂದ್ರಾ. ಬೇಡ ಅನ್ನುವಾಗಲೂ ಮರೆಯಬಾರದು: ಹೋಗಬೇಡ – ಹೋಗಬೇಡಿ. ನಾನು ಏಕವಚನದಲ್ಲಿ ಹೇಳುವುದು, ಅವನು ಬಹುವಚನದಲ್ಲಿ ತಿರುಗಿಸಿ ಹೇಳುವುದು, ಹೀಗೆ ಬೆಳಿಗ್ಗೆ ತಿಂಡಿ ಹೊತ್ತಿನಲ್ಲಿ ಹತ್ತು ನಿಮಿಷ ಮಾಡುತ್ತಿದ್ದೆವು. ನಾಲ್ಕೈದು ದಿನಕ್ಕೆ ನಾಲಿಗೆ ತಿರುಗಿತು.

ಇನ್ನೊಂದು ಸಣ್ಣ ವಿಷಯ. "ನಿಮ್ಮ" ಅನ್ನುವುದು ಗೌರವಕ್ಕೆ ಮಾತ್ರ ಅಲ್ಲ. ಜೀವದ ಗೆಳೆಯನನ್ನೂ "ನಿಮ್ಮಪ್ಪ ಎಲ್ಲೋ?" ಅಂತಲೇ ಕೇಳುತ್ತೇವೆ, ಯಾಕೆಂದರೆ ಅಪ್ಪ ಅಮ್ಮ ಮನೆ ಇವೆಲ್ಲ ಒಬ್ಬರ ಸ್ವತ್ತಲ್ಲ. "ನಿನ್ನಪ್ಪ" ಅಂದರೆ ಜಗಳಕ್ಕೆ ನಿಂತ ಹಾಗೆ ಕೇಳುತ್ತದೆ. ಹಾಗೆಯೇ "ನನ್ನ ಅಪ್ಪ", "ನನ್ನ ಮನೆ" ಅನ್ನುವ ಬದಲು "ನಮ್ಮಪ್ಪ", "ನಮ್ಮನೆ" ಅನ್ನುವುದು ಸಹಜ.

ಎರಡನೆಯ ಹೆಜ್ಜೆ: ಗೊತ್ತಿಲ್ಲದ ದೊಡ್ಡವರೆಲ್ಲರಿಗೂ ಬಹುವಚನ

ಮೀಸೆ ಮೂಡಿದ ವಯಸ್ಸಿನಿಂದ ಮೇಲೆ, ಪರಿಚಯವಿಲ್ಲದ ಯಾರೇ ಆಗಲಿ, ಮೊದಲ ಮಾತು ಬಹುವಚನದಲ್ಲಿ. ಕಾಲೇಜು ಹುಡುಗರಿಗೂ ಅಷ್ಟೇ. ಶಾಲೆಯ ಮಕ್ಕಳಿಗೆ ಏಕವಚನ ನಡೆಯುತ್ತದೆ, ಅದರಲ್ಲಿ ಅಕ್ಕರೆಯಿದೆ. ಬಹುವಚನದಿಂದ ಏಕವಚನಕ್ಕೆ ಇಳಿಯುವುದು ಸುಲಭ, ಸಂತೋಷದ ವಿಷಯ ಕೂಡ. ಏಕವಚನದಿಂದ ಶುರು ಮಾಡಿ ಮೇಲೆ ಹತ್ತುವುದು ಇಬ್ಬರಿಗೂ ಮುಜುಗರ.

ಇಳಿಯುವುದು ಯಾವಾಗ? ಅದನ್ನು ಹಿರಿಯರು ಹೇಳಬೇಕು, ಕಿರಿಯರಲ್ಲ. ಸಮವಯಸ್ಕರಾದರೆ ಒಬ್ಬರು "ಅಯ್ಯೋ, ನೀವು ಗೀವು ಯಾಕೆ, ನೀನು ಅಂತಲೇ ಅನ್ನು" ಅನ್ನುತ್ತಾರೆ. ಹಿರಿಯರು ನಿಮಗೆ ಏಕವಚನ ಬಳಸಿದರು ಅಂತ ನೀವೂ ಹಾಗೇ ತಿರುಗಿ ಹೇಳುವಂತಿಲ್ಲ. ಅವರು "ಬಾರಪ್ಪ" ಅನ್ನುತ್ತಾರೆ, ನೀವು "ಬಂದೆ, ನೀವು ಕೂತ್ಕೊಳ್ಳಿ" ಅನ್ನುತ್ತೀರಿ. ಕನ್ನಡದಲ್ಲಿ ಈ ಏರುಪೇರು ಸಹಜ. ಅದು ಅವಮಾನ ಅಲ್ಲ.

ಆದರೆ ಒಂದು ಏರುಪೇರನ್ನು ನಾನು ಒಪ್ಪುವುದಿಲ್ಲ. ಹೊಲದ ಕೆಲಸಕ್ಕೆ ಬರುವವರು, ಮನೆಗೆಲಸದವರು, ಪೌರಕಾರ್ಮಿಕರು, ಇವರಿಗೆ ಅರವತ್ತು ವರ್ಷವಾಗಿದ್ದರೂ ಹತ್ತು ವರ್ಷದ ಹುಡುಗ "ಏ, ಬಾರೋ ಇಲ್ಲಿ" ಅನ್ನುವುದು ನಮ್ಮ ಎಷ್ಟೋ ಊರುಗಳಲ್ಲಿ ರೂಢಿಯಾಗಿತ್ತು. ಜಾತಿಯೂ ಅಂತಸ್ತೂ ಸೇರಿ ಮಾಡಿದ ರೂಢಿ ಅದು. ಚಿಕ್ಕಂದಿನಲ್ಲಿ ನಾನೂ ಹಾಗೆ ಕರೆದಿದ್ದೇನೆ, ಈಗ ನೆನೆದರೆ ನೋವಾಗುತ್ತದೆ. ಇಂದು ಕೆಲವು ಮನೆಗಳಲ್ಲಿ ಅದು ಹಾಗೇ ಉಳಿದಿದೆ. ನೀವು ಕಲಿಯುವವರಾದರೆ ಅದನ್ನು ಕಲಿಯಬೇಡಿ. ಮನೆಯವರು ಏಕವಚನ ಬಳಸಿದರೂ ನೀವು "ಅಕ್ಕ, ಊಟ ಆಯ್ತಾ? ಇಲ್ಲೇ ಕೂತ್ಕೊಳ್ಳಿ" ಅನ್ನಿ. ಯಾರೂ ತಪ್ಪು ಅನ್ನುವುದಿಲ್ಲ.

ಮೂರನೆಯ ಹೆಜ್ಜೆ: ಮನೆಯೊಳಗಿನ ಲೆಕ್ಕ ಬೇರೆ

ಹೊರಗೆ ಒಂದೇ ನಿಯಮ ಸಾಕು. ಮನೆಯೊಳಗೆ ಸಾಲದು. ಎಷ್ಟೋ ಮನೆಗಳಲ್ಲಿ ಅಪ್ಪನಿಗೆ "ನೀವು", ಅಮ್ಮನಿಗೆ "ನೀನು". ಇನ್ನು ಕೆಲವು ಮನೆಗಳಲ್ಲಿ ಇಬ್ಬರಿಗೂ "ನೀನು", ಅಜ್ಜಿಗೂ ಸಹ. ಕೆಲವರು ಇಬ್ಬರಿಗೂ "ನೀವು" ಅನ್ನುತ್ತಾರೆ. ಅಮ್ಮನಿಗೆ "ನೀನು" ಅನ್ನುವುದು ಗೌರವ ಕಡಿಮೆಯಾಗಿ ಅಲ್ಲ, ಹತ್ತಿರ ಜಾಸ್ತಿಯಾಗಿ. ದೇವರನ್ನೂ ನಾವು "ನೀನೇ ಕಾಪಾಡಪ್ಪ" ಅಂತ ಏಕವಚನದಲ್ಲೇ ಬೇಡುತ್ತೇವಲ್ಲ, ಹಾಗೆ.

ಹೊಸ ಮನೆಗೆ, ಅಂದರೆ ಸೋದರಮಾವನ ಮನೆಗೋ ಮದುವೆಯಾದ ಮನೆಗೋ ಹೋದಾಗ ಮಾಡಬೇಕಾದ ಕೆಲಸ ಒಂದೇ. ನಿಮ್ಮ ವಯಸ್ಸಿನವರು ಅಲ್ಲಿನ ಹಿರಿಯರನ್ನು ಹೇಗೆ ಮಾತಾಡಿಸುತ್ತಾರೆ ಅಂತ ಅರ್ಧ ಗಂಟೆ ಕೇಳಿಸಿಕೊಳ್ಳಿ. ಅಲ್ಲಿಯವರೆಗೆ ಬಹುವಚನದಲ್ಲೇ ಇರಿ. ಸೊಸೆ, ಅಳಿಯ ಆದವರು ಆಮೇಲೂ ಬಹುವಚನದಲ್ಲೇ ಇರುವುದು ಹೆಚ್ಚಿನ ಮನೆಗಳ ರೂಢಿ.

ಪದದ ಆಯ್ಕೆಯೂ ಇದೆ. ಹಿರಿಯರಿಗೆ "ಅನ್ನ ತಿನ್ನಿ" ಅಂದರೆ ಬಾಲ ಸರಿಯಿದ್ದರೂ ಮಾತು ಒರಟು. "ಊಟ ಮಾಡಿ" ಅನ್ನಬೇಕು. ಕಾಫಿಗೆ "ತಗೊಳ್ಳಿ" ಅಂದರೆ ಚೆನ್ನ. ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು. ಹೊರಟವರನ್ನು ಕಳಿಸುವಾಗಲೂ "ಹೋಗಿ" ಅಲ್ಲ, "ಹೋಗಿ ಬನ್ನಿ."

ನಾಲ್ಕನೆಯ ಹೆಜ್ಜೆ: ಕರೆಯುವ ಪದ

ಹೆಸರು ಹಿಡಿದು ಕರೆಯುವುದು ಕಿರಿಯರನ್ನು ಮಾತ್ರ. ಹಿರಿಯರ ಹೆಸರಿಗೆ ಒಂದು ನಂಟಿನ ಪದ ಸೇರಿಸುತ್ತೇವೆ: ರಾಮಣ್ಣ, ಲಕ್ಷ್ಮಕ್ಕ. ಹೆಸರು ಗೊತ್ತಿಲ್ಲದಿದ್ದರೆ ನಂಟಿನ ಪದವೇ ಹೆಸರಾಗುತ್ತದೆ. ತರಕಾರಿ ಮಾರುವವರು, ಆಟೋ ಓಡಿಸುವವರು, ದಾರಿ ಕೇಳಲು ಸಿಕ್ಕವರು, ಎಲ್ಲರೂ ಅಣ್ಣ, ಅಕ್ಕ, ಅಮ್ಮ. ನನ್ನ ಸಲಹೆ: ಅನುಮಾನ ಬಂದರೆ ವಯಸ್ಸು ಕಡಿಮೆ ಅಂದಾಜು ಮಾಡಿ. ನಲವತ್ತೈದರ ಹೆಂಗಸನ್ನು "ಅಜ್ಜಿ" ಅಂದರೆ ಸೊಪ್ಪಿನ ಕಟ್ಟು ಸಣ್ಣದಾಗುತ್ತದೆ. "ಅಕ್ಕ" ಅಂದರೆ ಯಾರಿಗೂ ಬೇಸರವಿಲ್ಲ.

ಗೌರವ ಇನ್ನೂ ಜಾಸ್ತಿ ಬೇಕಾದರೆ ನಂಟಿನ ಪದಕ್ಕೇ ಬಹುವಚನ ಸೇರುತ್ತದೆ. ಡಾ. ರಾಜ್‌ಕುಮಾರ್ ಅವರನ್ನು ಇಡೀ ನಾಡು "ಅಣ್ಣಾವ್ರು" ಅಂದದ್ದು ಹೀಗೆ. "ಅಣ್ಣ"ದಲ್ಲಿ ಸಲಿಗೆ, "-ಅವ್ರು"ವಿನಲ್ಲಿ ಗೌರವ, ಎರಡೂ ಒಂದೇ ಪದದಲ್ಲಿ. ಧಾರವಾಡದ ಕಡೆ ಅಕ್ಕಾರ, ಅಣ್ಣಾರ, ಸಾಹೇಬ್ರ ಅಂತ ಕರೆಯುವುದೂ ಇದೇ ಬಗೆ. ಮಂಗಳೂರು, ಉಡುಪಿ ಕಡೆಯ "ಮಾರಾಯ್ರೆ" ಕೂಡ "ಮಾರಾಯ"ದ ಬಹುವಚನವೇ.

ಮಾತಿನ ಕೊನೆಗೆ ಬರುವ ಓ, ಏ ಬಗ್ಗೆ ಎಚ್ಚರ. "ಬಾರೋ", "ಹೌದು ಕಣೇ", ಇವು ಸುಮ್ನೆ ಏಕವಚನಕ್ಕಿಂತ ಇನ್ನೂ ಒಂದು ಮೆಟ್ಟಿಲು ಕೆಳಗೆ. ಗೆಳೆಯರಲ್ಲಿ, ಒಡಹುಟ್ಟಿದವರಲ್ಲಿ ಅದು ಪ್ರೀತಿ. ಹೊರಗಿನವರಿಗೆ ಅಂದರೆ ಬೈಗುಳ. "ಗುರು", "ಬಾಸ್" ಬೆಂಗಳೂರಿನ ಹುಡುಗರ ನಡುವೆ ಸರಿ, ಅವರಪ್ಪನ ವಯಸ್ಸಿನವರಿಗೆ ಸರಿಯಲ್ಲ.

ಐದನೆಯ ಹೆಜ್ಜೆ: ಏನಾದರೂ ಕೇಳುವಾಗ

ಪುಸ್ತಕದಿಂದ ಕಲಿತವರು ಪ್ರತಿ ಮಾತಿಗೂ "ದಯವಿಟ್ಟು" ಸೇರಿಸುತ್ತಾರೆ. ಅದು ಅರ್ಜಿಯಲ್ಲಿ, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಲ್ಲಿ ಚೆನ್ನ. ಮಾತಿನಲ್ಲಿ ಗಟ್ಟಿಯಾಗಿ ಕೇಳುತ್ತದೆ. ಮಾತಿನಲ್ಲಿ ವಿನಯ ಬರುವುದು ಎರಡು ದಾರಿಯಲ್ಲಿ. ಒಂದು, "ಸ್ವಲ್ಪ" ಅನ್ನುವ ಪದ. ಇನ್ನೊಂದು, ಆಜ್ಞೆಯನ್ನು ಪ್ರಶ್ನೆ ಮಾಡುವುದು.

"ಆ ಫಾರಂ ಕೊಡಿ" ತಪ್ಪಲ್ಲ, ಆದರೆ ಬರೀ ಆಜ್ಞೆ. "ಸ್ವಲ್ಪ ಆ ಫಾರಂ ಕೊಡಿ" ಮೆತ್ತಗಾಯಿತು. "ಸ್ವಲ್ಪ ಆ ಫಾರಂ ಕೊಡ್ತೀರಾ?" ಇನ್ನೂ ಮೆತ್ತಗೆ, ಇಲ್ಲ ಅನ್ನುವ ಜಾಗ ಅವರಿಗೆ ಉಳಿಯಿತು. ಅಪರಿಚಿತರಿಗೆ, ಅಧಿಕಾರಿಗಳಿಗೆ ಈ ಮೂರನೆಯದೇ ಸರಿ. ಅದಕ್ಕಿಂತ ಮೇಲೆ "ಕೊಡಬೇಕು" ಇದೆ. ಮದುವೆ ಮನೆ ಬಾಗಿಲಲ್ಲಿ "ಬರಬೇಕು, ಬರಬೇಕು" ಅನ್ನುತ್ತಾರಲ್ಲ, ಅದು ಒತ್ತಾಯವಲ್ಲ, ಅತಿ ದೊಡ್ಡ ಗೌರವ. ಆದರೆ ಇದರ ಧಾಟಿ ಗೊತ್ತಿಲ್ಲದವರ ಬಾಯಲ್ಲಿ "ನೀವು ಇದನ್ನು ಕೊಡಬೇಕು" ಹಕ್ಕೊತ್ತಾಯದ ಹಾಗೆ ಕೇಳುತ್ತದೆ. ಹೊಸಬರು ಬರವಣಿಗೆಗೆ ಮಾತ್ರ ಇಟ್ಟುಕೊಳ್ಳಲಿ.

ಆರನೆಯ ಹೆಜ್ಜೆ: ತೋಚದೇ ಇದ್ದಾಗ ನುಣುಚಿಕೊಳ್ಳುವ ಬಗೆ

ಇದು ನನಗೆ ತುಂಬಾ ಇಷ್ಟವಾದ ಭಾಗ. ಎದುರಿಗಿರುವವರಿಗೆ ಏಕವಚನವೋ ಬಹುವಚನವೋ ಗೊತ್ತಾಗುವುದಿಲ್ಲ. ಬಹಳ ವರ್ಷದ ಮೇಲೆ ಸಿಕ್ಕ ಶಾಲೆಯ ಗೆಳತಿ, ಈಗ ದೊಡ್ಡ ಹುದ್ದೆಯಲ್ಲಿದ್ದಾಳೆ. ಅಥವಾ ವಯಸ್ಸಿನಲ್ಲಿ ಕಿರಿಯ, ನಂಟಿನಲ್ಲಿ ಚಿಕ್ಕಪ್ಪ. ಇಂಥ ಕಡೆ ಕನ್ನಡ ನಮಗೆ ಒಂದು ಬಾಗಿಲು ತೆರೆದಿಟ್ಟಿದೆ. ಯಾವ ವಚನವನ್ನೂ ತೋರಿಸದ ಕ್ರಿಯಾಪದಗಳು ನಮ್ಮಲ್ಲಿ ಬೇಕಾದಷ್ಟಿವೆ.

"ಯಾವಾಗ ಬಂದೆ?", "ಯಾವಾಗ ಬಂದ್ರಿ?" ಎರಡೂ ಬೇಡ. "ಯಾವಾಗ ಬಂದಿದ್ದು?" ಅನ್ನಿ. "ಊಟ ಮಾಡಿದೆಯಾ" ಬದಲು "ಊಟ ಆಯ್ತಾ?" "ಎಲ್ಲಿಗೆ ಹೊರಟೆ" ಬದಲು "ಎಲ್ಲಿಗೆ ಹೊರಟಿದ್ದು?" ಫೋನಿನಲ್ಲಿ "ಯಾರು ಮಾತಾಡ್ತಿರೋದು?" ಆಡುಮಾತಿನಲ್ಲಿ "ಇಲ್ಲ" ಅನ್ನುವ ರೂಪಗಳಿಗೂ ವಚನವಿಲ್ಲ: "ಕಾಫಿ ಕುಡಿಯಲ್ವಾ?", "ನಿನ್ನೆ ಬರಲೇ ಇಲ್ಲ?" ಬೇಕು, ಬಹುದು ಸೇರಿದ ಮಾತುಗಳೂ ಹಾಗೇ: "ಇಲ್ಲಿ ಕೂರಬಹುದು", "ಒಂದು ಸಲ ಮನೆಗೆ ಬರಬೇಕು." ಹೀಗೆ ಐದಾರು ಮಾತು ಆಡುವಷ್ಟರಲ್ಲಿ ಎದುರಿನವರು ತಾವೇ ಯಾವುದೋ ಒಂದು ವಚನ ಹಿಡಿಯುತ್ತಾರೆ. ಸಮವಯಸ್ಕರಾದರೆ ನೀವೂ ಅದನ್ನೇ ಹಿಡಿಯಿರಿ.

ಒಂದು ಮಿತಿ ಇದೆ. ಇದು ಆರಂಭಕ್ಕೆ ಮಾತ್ರ. ಗಂಟೆಗಟ್ಟಲೆ ಹೀಗೇ ಮಾತಾಡಿದರೆ ಇವರಿಗೆ ನನ್ನನ್ನು ನೀವು ಅನ್ನಲು ಮನಸ್ಸಿಲ್ಲ ಅಂತ ಗೊತ್ತಾಗಿಬಿಡುತ್ತದೆ. ಮತ್ತೆ ಆಜ್ಞೆಗೆ ಇದು ಒದಗುವುದಿಲ್ಲ. ಬಾ, ಬನ್ನಿ ನಡುವೆ ಮೂರನೆಯದು ಇಲ್ಲ.

ಏಳನೆಯ ಹೆಜ್ಜೆ: ಎದುರಿಗಿಲ್ಲದವರ ಬಗ್ಗೆ

ನಮ್ಮ ಹುಡುಗ ಹೆಚ್ಚು ಎಡವಿದ್ದು ಇಲ್ಲಿ. ಬಾಗಿಲಿಗೆ ಯಾರೋ ಬಂದರು. ಅವನು ಬಾಗಿಲು ತೆರೆದು, ಒಳಗೆ ತಿರುಗಿ ಕೂಗಿದ: "ಚಿಕ್ಕಮ್ಮ, ಯಾರೋ ಒಬ್ಬ ಬಂದಿದ್ದಾನೆ." ಬಂದವರ ಕಿವಿಗೆ ಬೀಳುವ ಹಾಗೆ. ಅವರ ಎದುರು "ಬನ್ನಿ" ಅಂದು, ಬೆನ್ನು ತಿರುಗಿಸಿ "ಒಬ್ಬ" ಅಂದರೆ ಆ "ಬನ್ನಿ"ಗೆ ಏನು ಬೆಲೆ? "ಯಾರೋ ಬಂದಿದ್ದಾರೆ" ಅಂದರೆ ಸಾಕಿತ್ತು.

ಎದುರಿಗೆ ಇರುವವರ ಬಗ್ಗೆ ಹೇಳುವಾಗ "ಇವರು", ಇಲ್ಲದವರ ಬಗ್ಗೆ "ಅವರು". ಅಪ್ಪ, ಅಜ್ಜಿ ಪದಗಳು ಹಾಗೇ ಇರುತ್ತವೆ, ಕ್ರಿಯಾಪದ ಮಾತ್ರ ಬದಲಾಗುತ್ತದೆ: "ಅಪ್ಪ ಬಂದ್ರು", "ಅಜ್ಜಿ ಹೇಳಿದ್ರು." ಮೇಷ್ಟ್ರು, ಡಾಕ್ಟ್ರು, ಗೌಡ್ರು ಇವುಗಳಲ್ಲಿ ಪದವೇ ಬಹುವಚನ. "ಡಾಕ್ಟ್ರು ಬಂದ" ಅನ್ನುವುದು ಯಾವ ಕಿವಿಗೂ ಒಗ್ಗುವುದಿಲ್ಲ. ಅಮ್ಮನಿಗೆ ಮನೆಯಲ್ಲಿ "ನೀನು" ಅನ್ನುವವರೂ ಹೊರಗಿನವರ ಎದುರು "ಅಮ್ಮ ಹೇಳಿದ್ರು" ಅನ್ನುವುದುಂಟು. ನಮ್ಮವರು ಅಂತ ಹೊರಗಿನವರ ಮುಂದೆ ತಗ್ಗಿಸಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ತಗ್ಗಿಸುವುದು ನಮ್ಮನ್ನು ಮಾತ್ರ. ಹಾಗಾಗಿ ಫೋನಿನಲ್ಲಿ ನಮ್ಮ ಹೆಸರಿನ ಮುಂದೆ "ಅವರು" ಸೇರಿಸಿಕೊಳ್ಳುವುದಿಲ್ಲ.

"ಆತ", "ಆಕೆ" ನಡುವಿನ ಮೆಟ್ಟಿಲು. ಬರವಣಿಗೆಯಲ್ಲಿ ಸರಿ. ಮಾತಿನಲ್ಲಿ ಬಳಸಿದರೆ ಸ್ವಲ್ಪ ದೂರ ಇಟ್ಟ ಹಾಗೆ ಕೇಳುತ್ತದೆ. ಅಲ್ಲೇ ನಿಂತಿರುವ ವ್ಯಕ್ತಿಯನ್ನು "ಈತ" ಅನ್ನಬೇಡಿ.

"ಅವರು ಬಂದ್ರು" ಅಂದರೆ ಒಬ್ಬರೋ ನಾಲ್ವರೋ ತಿಳಿಯುವುದಿಲ್ಲ. ಗೊಂದಲವಾಗುವ ಕಡೆ "ಅವರೊಬ್ಬರೇ", "ಅವರೆಲ್ಲ" ಅಂತ ಸೇರಿಸಿದರೆ ಮುಗಿಯಿತು.

"ರೀ" ಬಗ್ಗೆ ಒಂದು ಮಾತು

ಮದುವೆಯಾಗಿ ಧಾರವಾಡಕ್ಕೆ ಬಂದ ಹೊಸದರಲ್ಲಿ ಹಾಲಿನವರು "ಏನ್ರೀ ಅಕ್ಕಾರ, ಎಷ್ಟ್ ಬೇಕ್ರೀ?" ಅಂದರೆ ನನಗೆ ಗದರಿದ ಹಾಗೆ ಅನ್ನಿಸುತ್ತಿತ್ತು. ನಮ್ಮ ಹಾಸನದ ಕಡೆ "ಏನ್ರೀ ಇದು?" ಅಂತ ಕೇಳಿದರೆ ಸಿಟ್ಟು ಬಂದಿದೆ ಅಂತ ಅರ್ಥ. ಇಲ್ಲಿ "ರೀ" ಇಲ್ಲದಿದ್ದರೇ ಒರಟು. ಹೌದ್ರೀ, ಇಲ್ರೀ, ಬರ್ರಿ, ಕುಂಡ್ರಿ. ಬರೀ "ಹೌದು" ಅಂದರೆ ಬಿಗುವಾಗಿ ಕೇಳುತ್ತದೆ. ಬೆಂಗಳೂರಿನ ಕಚೇರಿಯಲ್ಲಿ "ಕೊಡ್ರೀ" ಅಂದರೆ ಜೋರು ಮಾಡಿದ ಹಾಗೆ, ಅಲ್ಲಿ "ಕೊಡಿ" ಅನ್ನಬೇಕು. ಹುಬ್ಬಳ್ಳಿಯಲ್ಲಿ ಅದೇ "ಕೊಡ್ರಿ" ಮರ್ಯಾದೆಯ ಮಾತು. ಆದ್ದರಿಂದ ಒಬ್ಬರ "ರೀ" ಕೇಳಿ ಬೇಸರ ಮಾಡಿಕೊಳ್ಳುವ ಮುಂಚೆ ಅವರು ಯಾವ ಕಡೆಯವರು ಅಂತ ನೋಡಿ.

ಎಲ್ಲ ಸೇರಿದ ಒಂದು ದಿನ: ತಾಲ್ಲೂಕು ಕಚೇರಿ

ಮೂರನೆಯ ವಾರ ನಾವು ಹಾಸನದ ಕಡೆ ನನ್ನ ತವರಿಗೆ ಹೋದೆವು. ನಮ್ಮಪ್ಪನ ಪಹಣಿಯಲ್ಲಿ ಹೆಸರು ತಪ್ಪಾಗಿತ್ತು. ಅಪ್ಪನಿಗೆ ಎಂಬತ್ತೆರಡು, ಕಿವಿ ಮಂದ. ಮೊಮ್ಮಗನೇ ಜೊತೆಗೆ ಹೋಗಿ ಮಾತಾಡುತ್ತೇನೆ ಅಂದ. ಹಿಂದಿನ ರಾತ್ರಿ ಕೂತು ಅರ್ಜಿ ಬರೆದೆವು.

ಅರ್ಜಿಯಲ್ಲಿ "ನೀವು" ಬರುವುದಿಲ್ಲ, "ತಾವು" ಬರುತ್ತದೆ. ಮೇಲೆ "ಮಾನ್ಯರೇ". ಒಳಗೆ ಎರಡೇ ವಾಕ್ಯ: "ಪಹಣಿಯಲ್ಲಿ ನನ್ನ ಹೆಸರು ತಪ್ಪಾಗಿ ನಮೂದಾಗಿದೆ. ಅದನ್ನು ಸರಿಪಡಿಸಿಕೊಡಬೇಕೆಂದು ತಮ್ಮಲ್ಲಿ ಕೋರುತ್ತೇನೆ." ಕೆಳಗೆ "ತಮ್ಮ ವಿಶ್ವಾಸಿ". ಹುಡುಗ ಮೊದಲ ಸಲ ಬರೆದದ್ದರಲ್ಲಿ "ನಿಮ್ಮ ಕಚೇರಿ" ಅಂತಲೂ "ತಮ್ಮಲ್ಲಿ" ಅಂತಲೂ ಇತ್ತು. ಒಂದು ಕಾಗದದಲ್ಲಿ ಎರಡೂ ಬೆರೆಸಬಾರದು. "ತಾವು" ಹಿಡಿದರೆ ಕೊನೆಯವರೆಗೆ ಅದೇ. ಇನ್ನೊಂದು ತೊಡಕು: "ತಮ್ಮ" ಅನ್ನುವುದಕ್ಕೆ "ಅವರ ಸ್ವಂತ" ಅನ್ನುವ ಅರ್ಥವೂ ಇದೆ. "ಅಧಿಕಾರಿಗಳು ತಮ್ಮ ವರದಿ ಕೊಟ್ಟಿದ್ದಾರೆ" ಅಂದರೆ ಓದುವವರ ವರದಿಯೋ, ಕೊಟ್ಟವರ ವರದಿಯೋ? ಅಂಥ ಕಡೆ ಯಾರ ವರದಿ ಅಂತ ಹುದ್ದೆ ಹೆಸರನ್ನೇ ಬರೆಯಬೇಕು. ಅಂದಹಾಗೆ, ಮಾತಿನಲ್ಲಿ "ತಾವು" ಈಗ ಕಡಿಮೆ. ಸ್ವಾಮೀಜಿಗಳ ಹತ್ತಿರ, ವೇದಿಕೆಯ ಮೇಲೆ, ತುಂಬ ಹಿರಿಯ ಅಧಿಕಾರಿಗಳ ಎದುರು ಬಳಸುತ್ತಾರೆ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ "ನೀವು" ಮತ್ತು "ಸರ್", "ಮೇಡಂ" ಸಾಕು.

ಬೆಳಿಗ್ಗೆ ಬಾಗಿಲಲ್ಲಿ ಕೂತಿದ್ದ ಜವಾನರನ್ನು ಅವನು ಕೇಳಿದ್ದು: "ಅಣ್ಣ, ಪಹಣಿ ತಿದ್ದುಪಡಿಗೆ ಯಾರನ್ನು ನೋಡಬೇಕು?" "ನೋಡಬೇಕು" ವಚನವಿಲ್ಲದ ಮಾತು, "ಅಣ್ಣ" ಬೆಚ್ಚಗಿನ ಪದ. ಅವರು ಎದ್ದು ಬಂದು ಮೇಜು ತೋರಿಸಿದರು.

ಮೇಜಿನಲ್ಲಿ ಒಬ್ಬ ಮೇಡಂ. ತಲೆಯೆತ್ತದೆ ಬರೆಯುತ್ತಿದ್ದರು. ಹುಡುಗ ಕಾದ. ಆಮೇಲೆ "ನಮಸ್ಕಾರ ಮೇಡಂ. ಇವರು ನಮ್ಮ ತಾತ. ಪಹಣಿಯಲ್ಲಿ ಇವರ ಹೆಸರು ತಪ್ಪಾಗಿದೆ. ಸ್ವಲ್ಪ ಈ ಅರ್ಜಿ ನೋಡ್ತೀರಾ?" ಅಂದ. ತಾತನ ಬಗ್ಗೆ "ಇವರು". ತಪ್ಪು ಯಾರು ಮಾಡಿದರು ಅಂತ ಹೇಳಲಿಲ್ಲ, "ತಪ್ಪಾಗಿದೆ" ಅಂದ. "ನೀವು ತಪ್ಪು ಬರೆದಿದ್ದೀರಿ" ಅಂದಿದ್ದರೆ ಬಹುವಚನವಿದ್ದೂ ಅದು ದೂರಾಗುತ್ತಿತ್ತು. ಅಧಿಕಾರಿಗಳ ಹತ್ತಿರ ಈ "ಆಗಿದೆ" ತುಂಬಾ ಕೆಲಸಕ್ಕೆ ಬರುತ್ತದೆ.

ಮೇಡಂ ಅರ್ಜಿ ನೋಡಿ, ಆಧಾರ್ ನಕಲು ಬೇಕು ಅಂದರು. ಅವರ ಮಾತು ಹುಡುಗನಿಗೆ ಕೇಳಿಸಲಿಲ್ಲ. ಅಮೆರಿಕದಲ್ಲಾಗಿದ್ದರೆ ಹೇಳುವ ಹಾಗೆ ಬಾಯಿಗೆ ಬಂದದ್ದು "ಏನು?" ಅದನ್ನು ನುಂಗಿಕೊಂಡು "ಏನಂದ್ರಿ ಮೇಡಂ?" ಅಂದ. ಬರೀ "ಏನು?" ಹಿರಿಯರಿಗೆ ಹೇಳುವ ಮಾತಲ್ಲ, ಸವಾಲಿನ ಹಾಗೆ ಕೇಳುತ್ತದೆ.

ನಕಲು ತೆಗೆಸಲು ಪಕ್ಕದ ಅಂಗಡಿಗೆ ಓಡಿದಾಗ ಅವಸರದಲ್ಲಿ ಅವನು ಅಲ್ಲಿಯವರಿಗೆ "ಬೇಗ ಕೊಡು" ಅಂದುಬಿಟ್ಟ. ತಕ್ಷಣ ಅರಿವಾಯಿತು. "ಕೊಡಿ, ಸ್ವಲ್ಪ ಬೇಗ ಕೊಡ್ತೀರಾ ಅಣ್ಣ" ಅಂತ ತಿದ್ದಿಕೊಂಡ. ಜಾರಿದಾಗ ಮಾಡಬೇಕಾದದ್ದು ಇಷ್ಟೇ. ಅದೇ ಮಾತನ್ನು ಸರಿಯಾದ ರೂಪದಲ್ಲಿ ಮತ್ತೆ ಹೇಳಿ ಮುಂದೆ ಹೋಗುವುದು. ಉದ್ದಕ್ಕೆ ಕ್ಷಮೆ ಕೇಳುತ್ತಾ ನಿಂತರೆ ಗಮನಿಸದೇ ಇದ್ದವರಿಗೂ ಗೊತ್ತಾಗುತ್ತದೆ. ಹಿರಿಯರಿಗೆ ನೇರವಾಗಿ ತಟ್ಟಿದ್ದರೆ ಮಾತ್ರ "ತಪ್ಪು ತಿಳ್ಕೋಬೇಡಿ, ಬಾಯಿ ತಪ್ಪಿ ಬಂತು" ಅಂತ ಒಂದು ಸಲ ಹೇಳಬೇಕು.

ಅಂದೇ ಇನ್ನೊಂದು ಮೇಜಿನಲ್ಲಿ ಒಬ್ಬರು ನಮ್ಮಪ್ಪನಿಗೆ "ಏನಪ್ಪಾ, ನಿನ್ನ ಹೆಸರೇನು?" ಅಂದರು. ನಲವತ್ತರ ಆಸುಪಾಸಿನವರು. ಹುಡುಗನ ಮುಖ ಕೆಂಪಾಯಿತು. ತಾತನಿಗೆ ಕೇಳಿಸಿರಲಿಲ್ಲ. ಇಂಥ ಕಡೆ ತಿರುಗಿ ಏಕವಚನದಲ್ಲಿ ಮಾತಾಡಿದರೆ ಕೆಲಸ ಕೆಡುತ್ತದೆ. ಅವನಿಗೆ ನಾನು ಮೊದಲೇ ಹೇಳಿಕೊಟ್ಟಿದ್ದೆ: ಸರಿಯಾದ ರೂಪವನ್ನು ನೀನೇ ಅವರ ಮುಂದೆ ಇಡು. ಅವನು ನಿಧಾನವಾಗಿ, "ಸರ್, ಇವರಿಗೆ ಕಿವಿ ಸ್ವಲ್ಪ ಮಂದ. ಇವರ ಹೆಸರು ನಾನು ಹೇಳ್ತೀನಿ. ಇವರಿಗೆ ಈಗ ಎಂಬತ್ತೆರಡು" ಅಂದ. ಮೂರು ಸಲ "ಇವರು". ಅವರು ತಲೆಯೆತ್ತಿ ಅಪ್ಪನನ್ನು ನೋಡಿದರು. ಮುಂದಿನ ಮಾತು "ಕೂತ್ಕೊಳ್ಳಿ ಯಜಮಾನ್ರೇ, ಎಷ್ಟು ಹೊತ್ತು ನಿಲ್ತೀರಾ" ಅಂತ ಬಂತು. ಎಲ್ಲ ಕಡೆ ಹೀಗಾಗುವುದಿಲ್ಲ. ಆಗದಿದ್ದರೂ ನಮ್ಮ ಮಾತು ಕೆಳಗಿಳಿಯಬೇಕಿಲ್ಲ.

ಹೊರಡುವಾಗ ಹುಡುಗ "ಬರ್ತೀನಿ ಮೇಡಂ" ಅಂದ. ಮೇಡಂ "ಹೂಂ, ಹೋಗ್ಬಾಪ್ಪ" ಅಂದರು. ಮೆಟ್ಟಿಲಿಳಿಯುತ್ತಾ ಅವನು ಕೇಳಿದ: "ಚಿಕ್ಕಮ್ಮ, ಅವರು ನನಗೆ ಏಕವಚನ ಅಂದ್ರಲ್ಲ, ಬೇಜಾರಾಯ್ತಾ ಅವರಿಗೆ?" ಇಲ್ಲ ಕಣೋ, ಆ "ಅಪ್ಪ" ಕೇಳಿಸಲಿಲ್ವಾ ಅಂದೆ. ಬರೀ "ಹೋಗು" ಅಂದಿದ್ದರೆ ಯೋಚನೆ ಮಾಡಬೇಕಿತ್ತು.